ನಿಲ್ಲು ಅಂದದ್ದು

"ಈ ಇಬ್ಬರನ್ನ ನೋಡಿ ಮದುವೆಯಾದವರು ಕಲೀಬೇಕು" ಅಂತ ಬೀದಿಯವರು ಹೇಳುತ್ತಿದ್ದರು. ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯುವುದರಲ್ಲಿ ಅವರನ್ನು ಮೀರಿಸುವ ಜೋಡಿ ಆ ಬೀದಿಯಲ್ಲಿರಲಿಲ್ಲ. ನಡೆಯದೆ ಏನು ಮಾಡುತ್ತಾರೆ ಪಾಪ, ನಡುವೆ ಆಳೆತ್ತರದ ಗಾಜು ಇರುತ್ತಿತ್ತಲ್ಲ!

ಇಬ್ಬರೂ ಗಾಜಿನ ಅಂಗಡಿಯ ಕೆಲಸಗಾರರು. ಕಿಟಕಿಗೆ, ಕಪಾಟಿಗೆ ಗಾಜು ಕತ್ತರಿಸಿ, ಹೊತ್ತು ತಂದು, ಕೂರಿಸಿ ಹೋಗುವವರು. ಹಿಂದಿನಿಂದ "ಮೆಲ್ಲಗೆ, ಮೆಲ್ಲಗೆ" ಅನ್ನುತ್ತ ಬರುವವನಿಗೆ ಮೆಲ್ಲಗಣ್ಣ ಅಂತಲೇ ಹೆಸರು ಬಿದ್ದಿತ್ತು. ಮುಂದೆ ಎದೆ ಸೆಟೆಸಿ ನಡೆಯುವವನು ದೊರೆ. ಗಾಜು ಹೊರುವವರಲ್ಲಿ ಒಂದು ಕಟ್ಟಳೆ ಇದೆ. ಯಾರ ಹಿಡಿತ ಜಾರುತ್ತದೋ ಅವನು "ನಿಲ್ಲು" ಅನ್ನುತ್ತಾನೆ, ಇನ್ನೊಬ್ಬ ಇದ್ದಲ್ಲೇ ನಿಲ್ಲುತ್ತಾನೆ. ಯಾಕೆ ಏನು ಅಂತ ಕೇಳುವ ಹಾಗಿಲ್ಲ. ನೀನು ತಪ್ಪು ಮಾಡಿದೆ ಅಂತಲ್ಲ ಅದರ ಅರ್ಥ, ನನ್ನ ಕೈ ಸೋಲುತ್ತಿದೆ ಅಂತ.

ದೊರೆ ಮೊದಲು ಕೆಲಸ ಮುಗಿದ ಮೇಲೆ ಕುಡಿಯುತ್ತಿದ್ದ. ಆಮೇಲೆ ಮಧ್ಯಾಹ್ನದ ಊಟಕ್ಕೆ ಮುಂಚೆ. ಈಚೆಗೆ ಬೆಳಿಗ್ಗೆ ಅಂಗಡಿಗೆ ಬಂದಾಗ ಗಾಜು ಕೊಯ್ಯುವ ಕಡ್ಡಿ ಅವನ ಬೆರಳಲ್ಲಿ ನಡುಗುತ್ತಿತ್ತು. ಗೋದಾಮಿನ ಹಿಂದೆ ಹೋಗಿ ಬಂದರೆ ನಡುಕ ಮಾಯ! ಗೆರೆ ನೂಲು ಹಿಡಿದ ಹಾಗೆ ನೆಟ್ಟಗೆ ಬರುತ್ತಿತ್ತು. ಉಳಿದವರು "ಔಷಧಿ ಆಯ್ತಾ ದೊರೆ?" ಅಂತ ನಗುತ್ತಿದ್ದರು. ಮೆಲ್ಲಗಣ್ಣನಿಗೆ ನಗು ಬರುತ್ತಿರಲಿಲ್ಲ. ಕುಡಿದ ಮೇಲೆ ಕೈ ನಡುಗುವುದನ್ನು ಅವನೂ ಕಂಡಿದ್ದ. ಕುಡಿಯದೆ ನಡುಗುವ ಕೈಯನ್ನು ಈಗಲೇ ನೋಡುತ್ತಿದ್ದದ್ದು.

ಒಂದು ದಿನ ದೊರೆಯ ಹೆಂಡತಿ ಮೆಲ್ಲಗಣ್ಣನ ಹತ್ತಿರ ಬಂದಳು. "ಅಣ್ಣಾ, ನನ್ನ ಭಾವ, ಅಂಗಡಿ ಯಜಮಾನರು, ನೀವು, ಎಲ್ಲ ಸೇರಿ ಅವರನ್ನ ಕೂರಿಸಿ ಬುದ್ಧಿ ಹೇಳಿ. ಬಿಡ್ತೀಯೋ ಇಲ್ವೋ ಅಂತ ಒಂದೇ ಮಾತು ಕೇಳಿಬಿಡಿ."

"ಬೇಡಮ್ಮ. ಅಷ್ಟು ಜನರ ಮುಂದೆ ಕೂರಿಸಿದ್ರೆ ಅವನು ಜವಾಬು ಹುಡುಕ್ತಾನೆ, ಯೋಚನೆ ಮಾಡಲ್ಲ. ನಾನೊಬ್ಬನೇ ಮಾತಾಡ್ತೀನಿ. ನಾನು ಬರೋದನ್ನ ಯಾರಿಗೂ ಹೇಳಬೇಡ."

ರಜೆಯ ದಿನ ನೋಡಿಕೊಂಡು ದೊರೆಯ ಮನೆಗೆ ಹೋದ. ಅವಳು ಅಕ್ಕನ ಮನೆಗೆ ಹೋಗಿದ್ದಳು. ಮುಂಜಾನೆಯ ನಡುಕ ಇಳಿದು ಅಮಲು ಇನ್ನೂ ಏರದ ಹೊತ್ತು. ದೊರೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹೊಲಿಯುತ್ತಿದ್ದ. ಮೆಲ್ಲಗಣ್ಣ ಒಂದು ಮೆಟ್ಟಿಲು ಕೆಳಗೆ ಕೂತ.

"ಒಂದು ಮಾತು ಹೇಳಬೇಕು ಕಣೋ. ಕೇಳಿ ಬೇಕಾದ್ರೆ ಬೈ."

"ಬೈಯೋಕೆ ಕಾರಣ ಬೇಕಾ? ಹೇಳು."

"ಬೆಳಿಗ್ಗೆ ನಿನ್ನ ಕೈ ನಡುಗೋದು ನೋಡ್ತಾ ಇದ್ದೀನಿ. ಮೊನ್ನೆ ಮಹಡಿ ಹತ್ತೋವಾಗ ನೀನು ಎರಡು ಸಲ ಗೋಡೆಗೆ ಒರಗಿದೆ. ಊಟ ಅರ್ಧಕ್ಕೇ ಬಿಡ್ತೀಯ. ನನಗೆ ಭಯ ಆಗ್ತಿದೆ. ನಿನಗೆ ಹೇಗನ್ಸತ್ತೆ ಅಂತ ಕೇಳೋಣ ಅಂತ ಬಂದೆ."

ದೊರೆ ಸೂಜಿಯಿಂದ ಕಣ್ಣೆತ್ತಲಿಲ್ಲ. "ಯಾರು ಕಳ್ಸಿದ್ದು? ಅವಳಾ?"

"ಯಾರೂ ಕಳ್ಸಲಿಲ್ಲ."

"ಹಾಗಾದ್ರೆ ನೀನ್ಯಾವಾಗ ನನ್ನ ಅತ್ತೆ ಆದೆ? ನಿನ್ನ ಮದುವೇಲಿ ನನ್ನ ಜೊತೆ ಕುಡಿದು ಚಪ್ಪರದ ಗೂಟ ತಬ್ಕೊಂಡು ಅತ್ತವನು ಯಾರೋ?"

"ನಾನೇ."

"ಈಗ ನೀನು ಸನ್ಯಾಸಿ, ನಾನು ಕುಡುಕ."

"ಆ ಮಾತು ನಾನು ಆಡಲಿಲ್ಲ."

"ಹೊಟ್ಟೇಲಿ ಇಟ್ಕೊಂಡಿದ್ದೀಯಲ್ಲ!"

ಮೆಲ್ಲಗಣ್ಣ ವಾದಕ್ಕೆ ಇಳಿಯಲಿಲ್ಲ. ಎಷ್ಟು ಕುಡಿಯುತ್ತೀಯ ಅಂತ ಲೆಕ್ಕ ಕೇಳಲಿಲ್ಲ, ಹೆಂಡತಿಯ ಕಣ್ಣೀರನ್ನು ನಡುವೆ ತರಲಿಲ್ಲ. ಎದೆಯಲ್ಲಿದ್ದದ್ದನ್ನು ಹೇಳಲು ಕಸುಬಿನ ಮಾತೇ ಹತ್ತಿರ ಅನಿಸಿತು. ಎಡವಿದ್ದು ಅಲ್ಲೇ.

"ದೊರೆ, ನಾನೀಗ ನಿಲ್ಲು ಅಂತಿದ್ದೀನಿ ಕಣೋ."

ಚಪ್ಪಲಿ ಹಿತ್ತಲ ಗೋಡೆಗೆ ಬಡಿಯಿತು. "ನಿಲ್ಲಿಸು ಅನ್ನೋಕೆ ನೀನ್ಯಾರೋ? ನಿಲ್ಲಿಸ್ಲಿಲ್ಲ ಅಂದ್ರೆ ಏನ್ ಮಾಡ್ತೀಯ? ಯಜಮಾನರಿಗೆ ಚಾಡಿ ಹೇಳ್ತೀಯಾ?"

"ಏನೂ ಮಾಡಲ್ಲ. ನಿಲ್ಲಿಸು ಅಂದದ್ದಲ್ಲ. ನನ್ನ ಕೈ ಸೋಲ್ತಿದೆ ಅಂದೆ."

"ಹೊರಗೆ ನಡಿ!"

ಮೆಲ್ಲಗಣ್ಣ ಎದ್ದ. "ಇವತ್ತೇ ಉತ್ತರ ಹೇಳಬೇಕಾಗಿಲ್ಲ. ಒಂದು ಮಾತ್ರ, ಹಟಕ್ಕೆ ಬಿದ್ದು ಒಂದೇ ಸಲ ಬಿಟ್ಟುಬಿಡಬೇಡ. ಬೆಳಿಗ್ಗೆ ಹೀಗೆ ನಡುಗೋರು ಒಮ್ಮೆಲೇ ಬಿಟ್ರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತು. ಡಾಕ್ಟರನ್ನ ಕೇಳಿ ಬಿಡಬೇಕಂತೆ. ಕರೆದ್ರೆ ಜೊತೆಗೆ ಬರ್ತೀನಿ."

"ನಿನ್ನ ಹೆಣ ಹೊರೋಕೆ ಕರೀತೀನಿ, ಹೋಗು."

ಮರುದಿನದಿಂದ ದೊರೆ ಬೇರೆಯವನ ಜೊತೆ ಗಾಜು ಹೊತ್ತ. ಮೆಲ್ಲಗಣ್ಣ ಕಂಡರೆ ಸಾಕು, "ದಾರಿ ಬಿಡ್ರೋ, ಡಾಕ್ಟರು ಬಂದ್ರು" ಅನ್ನುತ್ತಿದ್ದ. ಅಂಗಡಿಯೆಲ್ಲ ಗೊಳ್ಳೆನ್ನುತ್ತಿತ್ತು. ಹಿತ್ತಲಲ್ಲಿ ನಡೆದದ್ದನ್ನು ಒಂದು ಸಲ ಬಾಯಿಬಿಟ್ಟಿದ್ದರೆ ಆ ನಗು ತಿರುಗಿ ದೊರೆಯ ಮೇಲೇ ಬೀಳುತ್ತಿತ್ತು. ಮೆಲ್ಲಗಣ್ಣ ಬಾಯಿಬಿಡಲಿಲ್ಲ. ಆಗೊಮ್ಮೆ ಈಗೊಮ್ಮೆ ಅವನ ಮನೆಗೆ ಹೋಗಿ ಸೋರುವ ನಲ್ಲಿ, ಏರಿದ ಬಾಡಿಗೆ ಅಂತ ಬೇರೆ ಮಾತಾಡಿ ಬರುತ್ತಿದ್ದ. ದೊರೆ ಕೂರು ಅನ್ನುತ್ತಿರಲಿಲ್ಲ. ಮೆಲ್ಲಗಣ್ಣ ನಿಂತೇ ಮಾತಾಡುತ್ತಿದ್ದ.

ಬೇಕೆಂದಾಗ ಬಿಡಬಲ್ಲೆ ಅಂತ ಮೆಲ್ಲಗಣ್ಣನಿಗೆ ತೋರಿಸಿಕೊಡಲೆಂದೇ ದೊರೆ ಒಂದು ದಿನ ಬಾಟಲಿಯನ್ನು ಬಚ್ಚಲಿಗೆ ಸುರಿದ. ಹೆಂಡತಿಗೆ ಸಂತೋಷಪಡಲೂ ಹೊತ್ತು ಸಿಗಲಿಲ್ಲ. ಮೈಯೆಲ್ಲ ಬೆವರು, ವಾಂತಿ, ಲೋಟ ಹಿಡಿಯಲಾಗದ ನಡುಕ. ಆಮೇಲೆ ಗೋಡೆಯ ತುಂಬ ಇರುವೆ ಅಂತ ಬಟ್ಟೆ ತೆಗೆದುಕೊಂಡು ಒರೆಸತೊಡಗಿದ. ಗೋಡೆಯಲ್ಲಿ ಒಂದು ಇರುವೆಯೂ ಇರಲಿಲ್ಲ. ಅವಳು ಮೆಲ್ಲಗಣ್ಣನಿಗೆ ಫೋನ್ ಮಾಡಿದಳು.

"ಕಾಯೋದು ಬೇಡಮ್ಮ, ಆಟೋ ತರ್ತೀನಿ" ಅಂದ.

ದೊರೆ ಅವನನ್ನು ಕಂಡದ್ದೇ ಬೈಗುಳ ಸುರಿಸಿದ. "ನೋಡೋಕೆ ಬಂದ್ಯೇನೋ? ಹೊಟ್ಟೆ ತಣ್ಣಗಾಯ್ತಾ?" ಅವನ ತೋಳನ್ನು ಹೆಗಲಿಗೆ ಹಾಕಿಕೊಂಡು ಮೆಲ್ಲಗಣ್ಣ ಮೆಟ್ಟಿಲು ಇಳಿಸಿದ. ನಡುವೆ ದೊರೆಯ ಮೊಣಕಾಲು ಕುಸಿಯಿತು. ಬೈಯುತ್ತಿದ್ದ ಬಾಯಲ್ಲೇ "ನಿಲ್ಲು" ಅಂದ. ಮೆಲ್ಲಗಣ್ಣ ಇದ್ದಲ್ಲೇ ನಿಂತ. ಏನೂ ಕೇಳಲಿಲ್ಲ. ದೊರೆ ಉಸಿರು ಎಳೆದುಕೊಂಡು, "ಹೂಂ" ಅಂದ ಮೇಲೆ ಮುಂದಿನ ಮೆಟ್ಟಿಲು.

ಆಸ್ಪತ್ರೆಯ ಡಾಕ್ಟರಮ್ಮ ಗದರಲಿಲ್ಲ. "ಸರಿಯಾದ ಹೊತ್ತಿಗೆ ಬಂದಿದ್ದೀರಿ" ಅಂದು ಸೇರಿಸಿಕೊಂಡರು. ನಡುಕಕ್ಕೆ ಮಾತ್ರೆ ಕೊಟ್ಟು ಅದರ ಪ್ರಮಾಣವನ್ನು ಮೆಲ್ಲನೆ ಇಳಿಸುತ್ತ ಬಂದರು, ವಿಟಮಿನ್ ಇಂಜೆಕ್ಷನ್ ಹಾಕಿದರು. ಮನೆಗೆ ಹೋದ ಮೇಲೂ ಬರುತ್ತಿರಬೇಕು, ನಡುವೆ ಮತ್ತೆ ಕುಡಿದರೆ ನಾಚಿಕೊಂಡು ತಪ್ಪಿಸಬೇಡಿ, ಅವತ್ತೇ ಬನ್ನಿ ಅಂತ ಅವನಿಗೇ ಹೇಳಿದರು.

ಇನ್ನು ಇಬ್ಬರೂ ಮೊದಲಿನ ಹಾಗೆ ಆಗುತ್ತಾರೆ ಅಂತ ಬೀದಿಯವರು ಅಂದುಕೊಂಡರು. ಮೆಲ್ಲಗಣ್ಣನೂ ಅಂದುಕೊಂಡಿದ್ದ. ದೊರೆ ಮನೆಗೆ ಬಂದ ಮೇಲೆ ನೋಡಲು ಹೋದ. ದೊರೆ ಕಿಟಕಿಯ ಹತ್ತಿರ ಕೂತಿದ್ದ. ಇಳಿದ ಮುಖ, ಹೊಸದಾಗಿ ಮಾಡಿದ ಕ್ಷೌರ.

"ಆಸ್ಪತ್ರೆಗೆ ಹೋಗ್ತಿದ್ದೀಯಾ?"

"ಹೋಗ್ತಿದ್ದೀನಿ. ನೀನು ಹೇಳಿದೆ ಅಂತಲ್ಲ."

"ಆಗಲಿ."

"ಒಂದು ಸಲ ಜಾರಿ ಕುಡಿದೆ. ಅವತ್ತೇ ಹೋಗಿ ಹೇಳಿದೆ. ಡಾಕ್ಟರಮ್ಮನಿಗೆ ಹೇಳ್ತೀನಿ, ನಿನಗಲ್ಲ."

"ಅದೇ ಸರಿ ಕಣೋ."

"ಸರಿ, ಸರಿ! ಎಲ್ಲಕ್ಕೂ ಸರಿ ಅಂತೀಯಲ್ಲ, ಅದಕ್ಕೇ ಮೈ ಉರಿಯೋದು." ದೊರೆ ಮುಖ ತಿರುಗಿಸಿದ. "ನಿನ್ನ ಕಂಡ್ರೆ ಇರುವೆ ನೆನಪಾಗುತ್ತೆ. ಮೆಟ್ಟಿಲ ಮೇಲೆ ನಿನ್ನ ಹೆಗಲಿಗೆ ಬಿದ್ದದ್ದು ನೆನಪಾಗುತ್ತೆ. ಆ ಮುಖ ನೋಡ್ಕೊಂಡು ನಾನು ನೆಟ್ಟಗಾಗೋಕೆ ಆಗಲ್ಲ. ಇನ್ನು ಬರಬೇಡ."

ಒಳಗಿನಿಂದ ಅವನ ಹೆಂಡತಿ, "ರೀ, ಏನ್ ಮಾತು ಅದು! ಅಣ್ಣಾ, ಕೂತ್ಕೊಳ್ಳಿ" ಅಂದಳು.

ಮೆಲ್ಲಗಣ್ಣನ ಬಾಯಿಗೆ ಬಂದ ಮಾತು ಬೇಕಾದಷ್ಟಿತ್ತು. ಆಡಿದರೆ ಈವರೆಗೆ ಮಾಡಿದ್ದನ್ನೆಲ್ಲ ಸಾಲದ ಹಾಗೆ ವಸೂಲಿ ಮಾಡಿದಂತಾಗುತ್ತದೆ ಅನಿಸಿತು.

"ಇರಲಿ ಬಿಡಮ್ಮ, ಬೈಯೋಷ್ಟು ಶಕ್ತಿ ಬಂದಿದೆಯಲ್ಲ" ಅಂದ. ದೊರೆಯ ಕಡೆ ತಿರುಗಿ, "ನಾನು ಬರಲ್ಲ. ನಿನಗೆ ಬರಬೇಕು ಅನ್ನಿಸಿದ್ರೆ ನನ್ನ ಮನೆ ಇದೆ" ಅಂದ.

ಮೆಲ್ಲಗಣ್ಣ ಹೊಸ್ತಿಲ ಹತ್ತಿರ ಬಗ್ಗಿ ಚಪ್ಪಲಿ ಮೆಟ್ಟಿಕೊಂಡ, ಬಾಗಿಲು ಎಳೆದುಕೊಂಡು ಬೀದಿಗೆ ಇಳಿದ. ಆ ಮನೆಗೆ ಅವನು ಮತ್ತೆ ಹೋಗಲಿಲ್ಲ.