ಡಾಕ್ಟರಿಗೊಂದು ಮೇಲ್, ಜೊತೆಗೆರಡು ಕಂಬಳಿ

ನಮ್ಮ ಲೈಬ್ರರಿ ಅಕ್ಕನಿಗೆ ಮಾತೆಂದರೆ ಪ್ರಾಣ. ಸಂಬಳ ಮಾತ್ರ, ಮಾತಾಡಬೇಡಿ ಎಂದು ಬೇರೆಯವರನ್ನು ಗದರಿಸುವುದಕ್ಕೆ. ಆ ಹೊಟ್ಟೆಯುರಿಗೇ ಇರಬೇಕು, ಹಳೇ ಪತ್ರಿಕೆಗಳ ಕೋಣೆಯಲ್ಲಿ ಮೈಕಿಟ್ಟು ಪಾಡ್‌ಕಾಸ್ಟ್ ಶುರುಮಾಡಿದಳು. ಕೇಳುಗರು ಅರವತ್ತು ಚಿಲ್ಲರೆ. ಅವರಲ್ಲಿ ಒಂದು ಕಂತೂ ಬಿಡದವಳು ಅವಳ ಅಣ್ಣನ ಹೆಂಡತಿ. ಪಾತ್ರೆ ತೊಳೆಯುತ್ತಾ ಕೇಳುತ್ತಾಳೆ.

ಆ ಅತ್ತಿಗೆಯ ಎದೆಯಲ್ಲೊಂದು ಗಂಟು. ಎರಡು ತಿಂಗಳ ಹಿಂದೆ ಅಕ್ಕನ ಮುಂದೆ ಬಾಯಿತಪ್ಪಿ ಹೇಳಿ, ಯಾರಿಗೂ ಹೇಳಕೂಡದೆಂದು ಆಣೆಯನ್ನೂ ಮಾಡಿಸಿಕೊಂಡಿದ್ದಳು.

"ನೋವೇ ಇಲ್ವಲ್ಲ, ಡಾಕ್ಟ್ರು ಯಾಕೆ?"

ಅಕ್ಕ ಕಾಡಿದಳು, ಬೇಡಿದಳು, ಮುನಿಸಿಕೊಂಡು ಎರಡು ದಿನ ಮಾತೂ ಬಿಟ್ಟಳು. ಅತ್ತಿಗೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ನನ್ನ ಮಾತು ಕೇಳದವಳು ಪಾಡ್‌ಕಾಸ್ಟಿನಲ್ಲಿ ಡಾಕ್ಟರ ಮಾತನ್ನಾದರೂ ಕೇಳಿಯಾಳು ಎಂದುಕೊಂಡು, ಅಕ್ಕ ಪಕ್ಕದ ಬೀದಿಯ ಲೇಡಿ ಡಾಕ್ಟರಿಗೆ ಮೇಲ್ ಬರೆಯಲು ಕೂತಳು. ಮೊದಲು ಬರೆದದ್ದರಲ್ಲಿ ಹೊಗಳಿಕೆಯೇ ಒಂದು ಪುಟ. ರೋಗಿ ನೋಡುವವರಿಗೆ ಅದನ್ನೋದಲು ಪುರುಸೊತ್ತೆಲ್ಲಿ? ಕೊನೆಗೆ ಕಳಿಸಿದ್ದು ಇಷ್ಟು:

"ಮಾನ್ಯ ಡಾಕ್ಟರೇ, ನೋವಿಲ್ಲದ ಗಂಟನ್ನೂ ಯಾಕೆ ತೋರಿಸಬೇಕೆಂದು ನಮ್ಮ ಪಾಡ್‌ಕಾಸ್ಟಿನಲ್ಲಿ ತಿಳಿಸುವಿರಾ? ದನಿ ಮಾತ್ರ, ವಿಡಿಯೋ ಇಲ್ಲ. ನಲವತ್ತು ನಿಮಿಷ. ಪ್ರಶ್ನೆಗಳನ್ನು ಲಗತ್ತಿಸಿದ್ದೇನೆ. ರೋಗಿಗಳ ಹೆಸರು, ಗುರುತು ಬೇಡ. ಪ್ರಸಾರಕ್ಕೆ ಮೊದಲು ನಿಮಗೆ ಕೇಳಿಸಿ, ಬೇಡವೆಂದದ್ದನ್ನು ತೆಗೆಯುತ್ತೇವೆ. ಭಾನುವಾರ ಹನ್ನೊಂದಕ್ಕೆ ಲೈಬ್ರರಿಗೆ ಬರಬಹುದೇ? ರೆಕಾರ್ಡಿಂಗ್ ವೇಳೆ ಫೋನ್ ಆಫ್ ಇರಲಿ."

ಸಂಜೆಗೇ ಉತ್ತರ ಬಂತು: "ಸಂತೋಷ. ಆದರೆ ದಿನ ತುಂಬಿದ ಬಸುರಿಯರಿದ್ದಾರೆ, ಫೋನ್ ಆಫ್ ಮಾಡಲಾರೆ. ಬುಧವಾರ ಎರಡೂವರೆಗೆ ಕ್ಲಿನಿಕ್ಕಿಗೇ ಬನ್ನಿ. ಫೋನ್ ಹೊರಗೆ ನರ್ಸ್ ಕೈಯಲ್ಲಿರುತ್ತದೆ."

ಅಕ್ಕ ತಲೆ ಚಚ್ಚಿಕೊಂಡಳು. ಕ್ಲಿನಿಕ್ಕಿನಲ್ಲಿ ಗೋಡೆಗೂ ಟೈಲ್ಸ್. ಕೆಮ್ಮಿದರೂ ದನಿ ಗುಂಯ್ ಎನ್ನುತ್ತದೆ. ಆ ಗುಂಯ್ ತಡೆಯಲು ಕಂಬಳಿ ಕಟ್ಟಬೇಕು, ಹಿಡಿಯಲು ಜನ ಬೇಕು. ಹಾಗಂದುಕೊಂಡವಳಿಗೆ ತಟ್ಟನೆ ಹೊಳೆಯಿತು.

"ಅತ್ತಿಗೆ, ಬುಧವಾರ ಕಂಬಳಿ ಹಿಡಿಯೋಕೆ ಬರ್ತೀರಾ?"

"ಕ್ಲಿನಿಕ್ಕಿಗಾ? ನಾನೊಲ್ಲೆ."

"ತೋರಿಸ್ಕೊಳ್ಳಿ ಅಂದೆನಾ? ಕಂಬಳಿ ಹಿಡೀರಿ ಅಂದೆ, ಅಷ್ಟೇ."

ಬುಧವಾರ ಒಂದು ಕಂಬಳಿ ಕಿಟಕಿಗೆ ಬಿತ್ತು. ಇನ್ನೊಂದನ್ನು ಅತ್ತಿಗೆ ಡಾಕ್ಟರ ಬೆನ್ನ ಹಿಂದೆ ಎತ್ತಿ ಹಿಡಿದು ನಿಂತಳು. ಸದ್ದಾಗದಂತೆ ಫ್ಯಾನೂ ಆರಿಸಿದ್ದರಿಂದ ಎಲ್ಲರೂ ಬೆವರಿನಲ್ಲಿ ತೊಯ್ದಿದ್ದರು.

"ಹೆಚ್ಚಿನ ಗಂಟುಗಳಿಂದ ಏನೂ ಅಪಾಯ ಇಲ್ಲ," ಎಂದರು ಡಾಕ್ಟರು. "ಆದ್ರೆ ನಿಮ್ಮದು ಯಾವ ಥರದ್ದು ಅಂತ ಪರೀಕ್ಷೆ ಮಾಡದೆ ನಾನೂ ಹೇಳಲಾರೆ, ನೀವೂ ಹೇಳಲಾರಿರಿ. ನೋವಿಲ್ಲ ಅಂತ ಸುಮ್ನೆ ಕೂರಬೇಡಿ."

ಅತ್ತಿಗೆಯ ಕೈಯಲ್ಲಿದ್ದ ಕಂಬಳಿ ಮೆಲ್ಲಗೆ ಕೆಳಗಿಳಿಯಿತು. ಅಕ್ಕ ನೋಡಿಯೂ ನೋಡದಂತೆ ಮುಂದಿನ ಪ್ರಶ್ನೆ ಕೇಳಿದಳು.

ನಲವತ್ತು ನಿಮಿಷ ಮುಗಿದು, ವೈರು ಸುತ್ತುತ್ತಿದ್ದಾಗ ಅತ್ತಿಗೆ ಬಾಯಿಬಿಟ್ಟಳು.

"ಮೈಕ್ ಆಫ್ ಆಯ್ತಾ?"

"ಆಯ್ತು ಅತ್ತಿಗೆ."

"ಹಾಗಾದ್ರೆ ನೀನು ಸ್ವಲ್ಪ ಹೊರಗಿರು. ಡಾಕ್ಟ್ರ ಹತ್ರ ನನಗೆ ಕೆಲಸ ಇದೆ."

ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಕೂತ ಅಕ್ಕನಿಗೆ ಸಂತೋಷವೂ ಆಯಿತು, ಭಯವೂ ಆಯಿತು. ಎರಡಕ್ಕೂ ಸೇರಿಸಿ ಒಟ್ಟಿಗೇ ಅತ್ತಳು.