ದೂರದ ಕಂಬಕ್ಕೆ ಬಂದು ಸೇರುವುದು

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಚೆನ್ನೈನ ಒಂದು ಮಹಿಳಾ ಫುಟ್‌ಬಾಲ್ ತಂಡದ ಸ್ಟ್ರೈಕರ್ ಆಗಿದ್ದೆ. ಎತ್ತರ ಐದಡಿ ಒಂದಂಗುಲ. ಗೋಲಿನ ದೂರದ ಕಂಬದ ಬಳಿ ನಿಂತು ಬದಿಯಿಂದ ಹಾರಿಬರುವ ಕ್ರಾಸಿಗೆ ಕಾಯಬೇಕು ಎಂಬುದು ಕೋಚ್‌ರ ಆಜ್ಞೆ. ನಿಂತು ಕಾಯುವವಳನ್ನು ಯಾರು ಬೇಕಾದರೂ ತಡೆಯುತ್ತಾರೆ, ಎತ್ತರದವರ ಜೊತೆ ಹಾರಿ ನಾನು ಗೆಲ್ಲುವುದಿಲ್ಲ ಎಂದು ಎಷ್ಟೋ ಸಲ ಹೇಳಿದೆ. ಚೆಂಡು ಮುಟ್ಟದೆ ಸುಮ್ಮನೆ ಓಡುವವಳಿಗೆ ಇನ್ನೊಂದೇ ಪಂದ್ಯ, ಆಮೇಲೆ ಬೆಂಚು ಎಂದರು ಅವರು.

ಆ ಪಂದ್ಯ ಕೀಲ್ಪಾಕಿನ ಶಾಲೆಯೊಂದರ ಮೈದಾನದಲ್ಲಿ. ಎಗ್ಮೋರಿನ ಹೋಟೆಲಿನಲ್ಲಿ ದೋಸೆ ಹುಯ್ಯುವ ಅಪ್ಪ ಮೊದಲ ಸಲ ನನ್ನ ಆಟ ನೋಡಲು ರಜೆ ಹಾಕಿ ಬಂದಿದ್ದರು.

ನಾನು ಕೋಚ್ ಹೇಳಿದಲ್ಲಿ ನಿಲ್ಲಲಿಲ್ಲ. ಗೋಲಿನ ಮುಂದೆ ಕಾಯುವ ಎದುರಾಳಿಯ ಇಬ್ಬರು ಸೆಂಟರ್‌ಬ್ಯಾಕ್‌ಗಳ ನಡುವೆ, ಉದ್ದನೆಯವಳ ಬೆನ್ನ ಹಿಂದೆ ಸೇರಿಕೊಂಡೆ. ಅವಳು ಚೆಂಡು ನೋಡಿದರೆ ನಾನು ಕಾಣುವುದಿಲ್ಲ, ನನ್ನನ್ನು ನೋಡಿದರೆ ಚೆಂಡು ಕಾಣುವುದಿಲ್ಲ. ಮೈದಾನದ ಅಂಚಿನಲ್ಲಿ ಚೆಂಡು ಒಯ್ಯುವ ನಮ್ಮ ವಿಂಗರ್ ತಲೆಯೆತ್ತಿದ ಕೂಡಲೇ ಅವಳ ಮುಂದಿನಿಂದ ನುಗ್ಗಿ ಹತ್ತಿರದ ಕಂಬಕ್ಕೆ ಓಡುತ್ತಿದ್ದೆ. ಒಮ್ಮೆ ಅವಸರಪಟ್ಟು ಆಫ್‌ಸೈಡ್ ಆದೆ, ತಪ್ಪು ನನ್ನದೇ. ಉಳಿದ ಸಲ ಚೆಂಡೇ ಬರಲಿಲ್ಲ.

ಅರ್ಧ ಆಟ ಮುಗಿದಾಗ ಕೋಚ್ ನನ್ನ ಬದಲಿಗೆ ಇಳಿಯುವವಳಿಗೆ ಮೈ ಬಿಸಿ ಮಾಡಿಕೋ ಎಂದರು. ನನಗಿನ್ನು ಹತ್ತು ನಿಮಿಷವಂತೆ. ನೀರು ಕುಡಿಯಲು ಗೆರೆಯಾಚೆ ಹೋದಾಗ ಅಪ್ಪ ಮೆಲ್ಲಗೆ ಹೇಳಿದರು: "ಆ ಉದ್ದದ ಹೆಣ್ಣು ಈಗ ನಿನಗಿಂತ ಮೊದ್ಲೇ ಆ ಕಂಬಕ್ಕೆ ಓಡ್ತಾಳೆ, ಕಂಡ್ಯಾ?"

ಕಂಡಿದ್ದೆ. ಅದಕ್ಕಾಗಿಯೇ ಓಡಿದ್ದೆ.

ಎರಡನೆಯ ಅರ್ಧದ ಏಳನೆಯ ನಿಮಿಷಕ್ಕೆ ವಿಂಗರ್ ಬಲಬದಿಯ ಕೊನೆಗೆರೆ ತಲುಪಿ ತಲೆಯೆತ್ತಿದಳು. ಹತ್ತಿರದ ಕಂಬದ ಕಡೆ ಎರಡು ಹೆಜ್ಜೆ ಜೋರಾಗಿ ಇಟ್ಟೆ. ಉದ್ದನೆಯವಳು ಹಾರಿದಂತೆ ಮುಂದೆ ಹೋದಳು, ಇನ್ನೊಬ್ಬಳೂ ಅವಳ ಹಿಂದೆಯೇ ಓಡಿದಳು. ನಾನು ಕಾಲೂರಿ ತಿರುಗಿ, ಇಬ್ಬರ ಬೆನ್ನ ಹಿಂದಿನಿಂದ ದೂರದ ಕಂಬಕ್ಕೆ ಓಡಿದೆ. ಚೆಂಡು ಅವರ ತಲೆಗಳ ಮೇಲೆ ಸಾಗಿ ಮೊಣಕಾಲೆತ್ತರಕ್ಕೆ ಇಳಿಯುವಾಗ ನಾನೂ ಅಲ್ಲಿದ್ದೆ. ಪಾದದ ಒಳಬದಿ ಒಡ್ಡಿದೆ. ಗೋಲು. ಒಂದು–ಸೊನ್ನೆಗೆ ಗೆದ್ದೆವು.

ಕೊನೆಗೂ ಹೇಳಿದ ಮಾತು ಕೇಳಿ ದೂರದ ಕಂಬದಲ್ಲಿ ನಿಂತೆಯಲ್ಲ ಎಂದರು ಕೋಚ್. ಎಲ್ಲರ ಎದುರೇ ತಮಿಳಿನಲ್ಲಿ ಉತ್ತರಿಸಿದೆ: "ನಿಕ್ಕಲೆ ಸಾರ್. ವಂದೇನ್." ನಿಲ್ಲಲಿಲ್ಲ, ಬಂದೆ.

ಆ ಮಾತಿಗೆ ಮುಂದಿನ ಪಂದ್ಯದಲ್ಲಿ ಬೆಂಚೇ ಸಿಕ್ಕಿತು. ಕೊನೆಯ ಇಪ್ಪತ್ತು ನಿಮಿಷಕ್ಕೆ ಇಳಿಸಿದರು. ಮತ್ತೆ ಹತ್ತಿರದ ಕಂಬಕ್ಕೆ ಓಡಿದೆ. ಇಬ್ಬರು ಡಿಫೆಂಡರ್‌ಗಳು ನನ್ನ ಬೆನ್ನು ಹತ್ತಿದರು, ಖಾಲಿಯಾದ ಜಾಗಕ್ಕೆ ನಮ್ಮ ಮಿಡ್‌ಫೀಲ್ಡರ್ ನುಗ್ಗಿ ಗೋಲು ಹೊಡೆದಳು. ಅದು ಅವಳ ಹೆಸರಿಗೇ ಹೋಯಿತು, ಹೋಗಬೇಕಾದದ್ದೇ. ಕೋಚ್ ಬಳಿ ನಾನು ಕ್ಷಮೆ ಕೇಳಲಿಲ್ಲ. ಮೂರನೆಯ ಪಂದ್ಯದಲ್ಲಿ ಅವರು ಮೊದಲಿಗೇ ಇಳಿಸಿದ ಹನ್ನೊಂದು ಜನರಲ್ಲಿ ನಾನಿದ್ದೆ.