ಹೊಳೆಗೆ ಇಳಿಯದಿರಲು ಇಚ್ಛಿಸಬಹುದು

ನೀಲಗಂಗಾ ಬಳಿಗಾರ ಹೆದರುಪುಕ್ಕಲಿ. ಬೆನ್ನ ಹಿಂದೆ ಆಡುವ ಮಾತಲ್ಲ ಇದು, ಆಕೆಯೇ ಎಲ್ಲರೆದುರು ಹೇಳಿಕೊಳ್ಳುತ್ತಾಳೆ. ಗುಡುಗಿಗೆ ಹೆದರುತ್ತಾಳೆ, ನಾಯಿಗೆ ಹೆದರುತ್ತಾಳೆ, ತುಂಬಿದ ಹೊಳೆಯ ಮೇಲೆ ಬಸ್ಸು ಹೋಗುವಾಗ ಕಣ್ಣು ಮುಚ್ಚಿ ಕೂರುತ್ತಾಳೆ. ಇವೆಲ್ಲ ಒಂದು ತೂಕವಾದರೆ ವಾಘ್ ಸಾಹೇಬರ ಹೆದರಿಕೆಯೇ ಒಂದು ತೂಕ.

ಕೃಷ್ಣೆಗೆ ಅಡ್ಡಲಾಗಿ ಒಂದು ಒಡ್ಡು, ಒಡ್ಡಿಗೆ ಅಂಟಿಕೊಂಡು ಖಾಸಗಿ ಕಂಪನಿಯ ವಿದ್ಯುತ್ ಘಟಕ. ಅದರ ಆಫೀಸಿನಲ್ಲಿ ಕನ್ನಡ ವಿಭಾಗ ಅಂತ ಬೋರ್ಡು ಇದೆ. ವಿಭಾಗ ಅಂದರೆ ಒಂದು ಮೇಜು, ಒಂದು ಕಂಪ್ಯೂಟರು, ನೀಲಗಂಗಾ. ಕನ್ನಡ ಎಂ.ಎ. ಮಾಡಿ, ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಲು ಈ ಕುರ್ಚಿಗೆ ಬಂದವಳು. ತಹಶೀಲ್ದಾರರಿಗೆ, ಪಂಚಾಯಿತಿಗಳಿಗೆ, ಹೊಳೆದಂಡೆಯ ರೈತರಿಗೆ ಹೋಗುವ ಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ಆಕೆಯ ಕೆಲಸ.

ಘಟಕದ ಮುಖ್ಯಸ್ಥರಾದ ವಾಘ್ ಸಾಹೇಬರು ಪುಣೆಯವರು. ಕನ್ನಡ ಅಷ್ಟಿಷ್ಟು ಮಾತಾಡುತ್ತಾರೆ, ಓದಲು ಬರುವುದಿಲ್ಲ. ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಕೆಂದರೆ ಯಾರಿಗಾದರೂ ಅನುಮಾನ ಬರುವುದೇ. ಅದಕ್ಕೆ ಅವರೊಂದು ಪದ್ಧತಿ ಮಾಡಿದ್ದರು. ನೀಲಗಂಗಾಳ ಕನ್ನಡ ಹೈದರಾಬಾದಿನ ಕಚೇರಿಗೆ ಹೋಗಬೇಕು, ಅಲ್ಲಿ ಯಾರೋ ಅದನ್ನು ತಿರುಗಿ ಇಂಗ್ಲಿಷಿಗೆ ತರಬೇಕು. ಆ ಇಂಗ್ಲಿಷನ್ನೂ ಮೂಲದ ಇಂಗ್ಲಿಷನ್ನೂ ಪಕ್ಕಪಕ್ಕ ಇಟ್ಟು ಸಾಹೇಬರು ಪೆನ್ಸಿಲ್ ಹಿಡಿದು ತಾಳೆ ನೋಡುತ್ತಿದ್ದರು. ತಾಳೆಯಾಗದಿದ್ದರೆ ಮೆಮೊ.

ಮೊದಲ ಮೆಮೊ ಬಂದದ್ದು ಒಂದು ಚೆಂಡಿನಿಂದ. ರಸ್ತೆ ಜಾಗದ ವಿಷಯದಲ್ಲಿ ತಹಶೀಲ್ದಾರರಿಗೆ ಬರೆದ ಪತ್ರದ ಕೊನೆಗೆ, ಚೆಂಡು ಈಗ ನಿಮ್ಮ ಅಂಗಳದಲ್ಲಿದೆ ಎನ್ನುವ ಮಾತು ಇಂಗ್ಲಿಷಿನಲ್ಲಿತ್ತು. ಪತ್ರಿಕೆಯವರು ತಲೆಬರಹಕ್ಕೆ ಅದನ್ನು ಬಳಸಿಯಾರು. ಆದರೆ ತಾಲ್ಲೂಕಿನ ದಂಡಾಧಿಕಾರಿಗೆ ಹಾಗೆ ಬರೆಯುವುದೆಂದರೆ, ನಮ್ಮದು ಮುಗಿಯಿತು, ಇನ್ನು ನೀನುಂಟು ನಿನ್ನ ಹಣೆಬರಹವುಂಟು ಎಂದು ಕೈ ತೋರಿಸಿದ ಹಾಗೆ. ನೀಲಗಂಗಾ ಅದನ್ನು ಬಿಟ್ಟು, "ಈ ಬಗ್ಗೆ ತಮ್ಮ ಸೂಕ್ತ ಆದೇಶವನ್ನು ಕೋರಿದೆ" ಎಂದು ಬರೆದಳು. ಹೈದರಾಬಾದಿನಿಂದ ತಿರುಗಿ ಬಂದಾಗ ಸಾಹೇಬರ ಪೆನ್ಸಿಲ್ ಅಲ್ಲೇ ನಿಂತಿತು.

"ನೀಲಗಂಗಾ, ಚೆಂಡು ಎಲ್ಲಿ ಹೋಯ್ತು?"

"ಸರ್, ಅಧಿಕಾರಿಗಳಿಗೆ ಹಂಗ ಬರೆಯೂದಿಲ್ರಿ. ಸಿಟ್ಟಾಗ್ತಾರ."

"ನಾನು ಬರೆದದ್ದು ಅನುವಾದ ಮಾಡೋದಕ್ಕೆ. ತಿದ್ದೋದಕ್ಕಲ್ಲ."

ಎರಡನೆಯ ಮೆಮೊದ ಹೊತ್ತಿಗೆ ಆಕೆ ಪಾಠ ಕಲಿತಿದ್ದಳು. ಮೂರನೆಯದು ಬಂದರೆ ಕೆಲಸ ಹೋಗುತ್ತದೆಂದು ಸಾಹೇಬರು ಬಾಯಿಬಿಟ್ಟೇ ಹೇಳಿದ್ದರು. ಅಂದಿನಿಂದ ಪದಕ್ಕೆ ಪದ. ಆಕೆಯ ಕನ್ನಡ ಎಷ್ಟು ಕೆಟ್ಟಿತೋ ಹೈದರಾಬಾದಿನಿಂದ ಅಷ್ಟು ಚೆಂದಾಗಿ ತಿರುಗಿ ಬಂತು. ಕೆಟ್ಟ ಅನುವಾದವನ್ನು ಹಿಂದಕ್ಕೆ ತಿರುಗಿಸಿದರೆ ಮೂಲ ಇದ್ದಂಗೇ ಸಿಗುತ್ತದೆ, ಒಳ್ಳೆಯ ಅನುವಾದವೇ ತಾಳೆಯಾಗುವುದಿಲ್ಲ. ಈ ವಿಪರೀತವನ್ನು ಸಾಹೇಬರಿಗೆ ತಿಳಿಸಿ ಹೇಳುವ ಧೈರ್ಯ ಆಕೆಗಿರಲಿಲ್ಲ.

ಬೇಸಿಗೆಯಲ್ಲಿ ಹೊಸ ಗೇಟುಗಳ ಪರೀಕ್ಷೆ ನಿಗದಿಯಾಯಿತು. ಬುಧವಾರ ಹನ್ನೊಂದಕ್ಕೆ ಎಲ್ಲ ಗೇಟು ಒಮ್ಮೆಲೆ ಎತ್ತುತ್ತಾರೆ, ಒಣಗಿ ಮಲಗಿದ ಹೊಳೆಗೆ ಒಂದೇ ಸಲ ನೀರು. ಕೆಳಗಿನ ಹೊಳೆಕಟ್ಟಿ ಪಂಚಾಯಿತಿಗೆ ಪತ್ರ ಹೋಯಿತು. ನೀಲಗಂಗಾ ತಂದ ಕನ್ನಡ ಹೀಗಿತ್ತು:

"ಹೇರಳವಾದ ಎಚ್ಚರಿಕೆಯ ದೃಷ್ಟಿಯಿಂದ, ನಿವಾಸಿಗಳು ಬುಧವಾರದ ಗೇಟು ಪರೀಕ್ಷೆಯ ವೇಳೆ ನದಿಪಾತ್ರಕ್ಕೆ ಇಳಿಯದಿರಲು ಇಚ್ಛಿಸಬಹುದು. ಪಂಪ್‌ಸೆಟ್ಟುಗಳನ್ನು ತಮ್ಮ ಅನುಕೂಲ ನೋಡಿಕೊಂಡು ಸ್ಥಳಾಂತರಿಸಿದರೆ ನಾವು ಮೆಚ್ಚುತ್ತೇವೆ. ನಿಶ್ಚಿಂತೆಯಿಂದಿರಿ, ನಾವು ಪರಿಸ್ಥಿತಿಯ ಮೇಲಿದ್ದೇವೆ."

ಸಾಹೇಬರು ಮೊದಲ ಸಲ "ಗುಡ್" ಅಂದರು. ನೀಲಗಂಗಾ ಆ ಸಂತೋಷಕ್ಕೆ ಮನೆಗೆ ಜಿಲೇಬಿ ಒಯ್ದಳು.

ಬುಧವಾರ ಬೆಳಿಗ್ಗೆ ಮಗಳಿಗೆ ಜ್ವರ. ಡಾಕ್ಟರಿಗೆ ತೋರಿಸಿ, ತಾಯಿಯ ಬಳಿ ಬಿಟ್ಟು, ತಡವಾಗಿ ಬಸ್ಸು ಹತ್ತಿದಳು. ಬಸ್ಸು ಹೊಳೆಕಟ್ಟಿಯ ಸೇತುವೆಗೆ ಬಂತು. ಬೇಸಿಗೆಯ ಒಣ ಹೊಳೆಗೆ ಕಣ್ಣು ಮುಚ್ಚುವ ಕಾರಣವಿಲ್ಲ, ಕಿಟಕಿಯಿಂದ ನೋಡಿದಳು.

ಹೊಳೆಯ ತುಂಬ ಜನ. ಉಸುಕಿನಲ್ಲಿ ಕಲ್ಲಂಗಡಿ ಬೆಳೆದವರು ಹಣ್ಣು ರಾಶಿ ಹಾಕುತ್ತಿದ್ದರು. ಮಡುವಿನ ಬದಿಗೆ ಹೆಂಗಸರು ಕೌದಿ ಒಗೆಯುತ್ತಿದ್ದರು. ಕುರಿಗಳು ನೀರು ಕುಡಿಯುತ್ತಿದ್ದವು. ನಡುಹೊಳೆಯ ಕಾವಲು ಗುಡಿಸಲಿನಿಂದ ಅಡಿಗೆಯ ಹೊಗೆ ಏಳುತ್ತಿತ್ತು. ನೀಲಗಂಗಾ ಗಡಿಯಾರ ನೋಡಿದಳು. ಹತ್ತೂವರೆ ಆಗಿಹೋಗಿತ್ತು.

"ನಿಲ್ಲಸ್ರಿ! ಬಸ್ ನಿಲ್ಲಸ್ರಿ!"

"ಇಲ್ಲಿ ಸ್ಟಾಪ್ ಇಲ್ಲಕ್ಕಾ," ಅಂದ ಕಂಡಕ್ಟರ. ಆಕೆಯ ಮುಖ ನೋಡಿ ಸೀಟಿ ಊದಿದ.

ಇಳಿದವಳೇ ಸಾಹೇಬರಿಗೆ ಫೋನು ಹಚ್ಚಿದಳು. "ಸರ್, ಗೇಟ್ ತಡೀರಿ. ಹೊಳ್ಯಾಗ ಮಂದಿ ಅದಾರ್ರಿ!"

"ಹೇಗಿರ್ತಾರೆ? ಪತ್ರ ಮುಟ್ಟಿದೆ, ಸಹಿ ಮಾಡಿ ತಗೊಂಡಿದ್ದಾರೆ. ಇಳಿಯಬೇಡಿ ಅಂತ ಬರೆದೇ ಇದೀವಲ್ಲ."

"ಬರ್ದಿಲ್ರಿ ಸರ್. ಇಂಗ್ಲಿಷಿನಾಗ ಅದು ಆಜ್ಞಾ ಇರಬೇಕು. ಕನ್ನಡದಾಗ ಅದು—"

"ಬೆಂಗಳೂರಿಂದ ಟೈಮ್ ಕೊಟ್ಟಿದ್ದಾರೆ. ಒಂದು ಫೋನಿಗೆ ನಿಲ್ಲಿಸೋಕಾಗಲ್ಲ. ನೋಡ್ತೀನಿ," ಎಂದು ಇಟ್ಟರು. ನೋಡ್ತೀನಿ ಅಂದರೆ ಏನೆಂದು ಆಕೆಗೆ ಗೊತ್ತು, ಆ ಮಾತಿಗೆ ಯಾವ ಭಾಷೆಯಲ್ಲೂ ಅನುವಾದ ಬೇಕಿಲ್ಲ. ಒಡ್ಡಿನ ಸೈರನ್ನು ಇಷ್ಟು ದೂರ ಕೇಳಿಸುವುದೂ ಇಲ್ಲ.

ಪಂಚಾಯಿತಿ ಸೇತುವೆಯ ಬುಡದಲ್ಲೇ. ಗುಮಾಸ್ತ ಸಂಗಯ್ಯ ಚಹಾ ಕುಡಿಯುತ್ತ ಕೂತಿದ್ದ. ಪತ್ರ ನೋಟಿಸ್ ಬೋರ್ಡಿನಲ್ಲಿ ಅಚ್ಚುಕಟ್ಟಾಗಿ ಅಂಟಿಕೊಂಡಿತ್ತು.

"ಡಂಗುರ ಯಾಕ ಹೊಡಸಲಿಲ್ರಿ ಸಂಗಯ್ಯನವರ?"

"ಯಾಕ ಹೊಡಸೂಣ್ರಿ? ಅದು ಸಲಹಾ ಪತ್ರ. ಇಚ್ಛಿಸಬಹುದು ಅಂತ ಐತಿ, ತಕ್ಕದ್ದು ಅಂತ ಇಲ್ಲ. ಅನುಕೂಲ ನೋಡಿಕೊಂಡು ಅಂತ ಐತಿ, ಕೂಡಲೇ ಅಂತ ಇಲ್ಲ. ಮ್ಯಾಲ ನಿಶ್ಚಿಂತಿಯಿಂದ ಇರ್ರಿ ಅಂತ ಬ್ಯಾರೆ ಐತಿ. ನೀವ ಬರದಿರಬೇಕಲ್ರಿ ನೀಲಕ್ಕಾರ, ಭಾಳ ಮರ್ಯಾದಿಯಿಂದ ಬರದೀರಿ."

ಸಂಗಯ್ಯ ಓದಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಸಾಹೇಬರ ಇಂಗ್ಲಿಷು ಮಾಡಲೇಬೇಕಾದದ್ದನ್ನು ನೀವು ಬಯಸಿದರೆ ಎಂದು ನಯ ಮಾಡಿ ಹೇಳುತ್ತದೆ, ಕೇಳುವವನು ಆ ನಯದ ಕೆಳಗಿನ ಆಜ್ಞೆಯನ್ನು ತಾನೇ ತಿಳಿದುಕೊಳ್ಳುತ್ತಾನೆ. ನಮ್ಮ ಕಚೇರಿ ಕನ್ನಡದಲ್ಲಿ 'ಬಹುದು' ಬಂದರೆ ಬಿಟ್ಟರೂ ನಡೆಯುತ್ತದೆ ಎಂದೇ ಅರ್ಥ. ನೀಲಗಂಗಾಳಿಗೆ ಇದು ಬರೆಯುವಾಗಲೇ ಗೊತ್ತಿತ್ತು. ಗೊತ್ತಿದ್ದೂ ಬರೆದಳು, ಮೆಮೊದ ಹೆದರಿಕೆಗೆ.

"ಹನ್ನೊಂದಕ್ಕ ನೀರು ಬಿಡ್ತಾರ್ರಿ. ಎಲ್ಲಾ ಗೇಟು."

ಸಂಗಯ್ಯನ ಕೈಯ ಕಪ್ಪು ಕೆಳಗೆ ಬಿತ್ತು.

ಅಂಗಳದಲ್ಲಿ ಪಂಚಾಯಿತಿಯ ಕಸದ ಗಾಡಿ ನಿಂತಿತ್ತು, ಅದಕ್ಕೆ ಮೈಕು ಇತ್ತು. ಸಂಗಯ್ಯನೇ ಓಡಿಸಿದ. ದಂಡೆಯ ಮೇಲೆ ನಿಲ್ಲಿಸಿ ಮೈಕು ಆಕೆಯ ಕೈಗಿಟ್ಟ. ನೀಲಗಂಗಾ ಗಂಟಲು ಸರಿಮಾಡಿಕೊಂಡಳು.

"ಸಾರ್ವಜನಿಕರ ಗಮನಕ್ಕೆ. ವಿದ್ಯುತ್ ಘಟಕದ ವತಿಯಿಂದ..."

ಒಬ್ಬರೂ ತಲೆ ಎತ್ತಲಿಲ್ಲ. ಕಸದ ಗಾಡಿ ದಿನಾ ಏನಾದರೂ ಹೇಳುತ್ತಲೇ ಇರುತ್ತದೆ. ಆಗ ಆಕೆಗೆ ತನ್ನ ಮೇಲೇ ರೋಷ ಉಕ್ಕಿತು.

"ನೀರು ಬರಾಕತ್ತೈತಿ! ಹೊಳಿ ಬಿಟ್ಟು ಮ್ಯಾಲ ಬರ್ರಿ! ಅರಿವಿ ಬಿಡ್ರಿ, ಹಣ್ಣು ಬಿಡ್ರಿ, ಮಕ್ಕಳನ್ನ ಎತ್ಕೊಂಡು ಓಡಿ ಬರ್ರಿ! ಈಗ! ಈಗಿಂದೀಗ!"

ಕೌದಿಗಳು ನೀರಲ್ಲೇ ಉಳಿದವು. ಹೆಂಗಸರು ಕಿರುಚುತ್ತ ಓಡಿಬಂದರು, ಕಲ್ಲಂಗಡಿಯವರು ಬಂದರು, ಕುರಿಗಳು ಬಂದವು. ನಡುಹೊಳೆಯ ಗುಡಿಸಲಿನ ಮುಂದೆ ಮಾತ್ರ ಒಬ್ಬ ಮುದುಕ ಅಲ್ಲಾಡದೆ ನಿಂತಿದ್ದ. ಹುಲಗಪ್ಪ. ಜೇಬಿನಿಂದ ಏನೋ ತೆಗೆದು ದಂಡೆಯ ಕಡೆ ಬೀಸಿ ತೋರಿಸುತ್ತಿದ್ದ.

"ಅವಂದೇ ಮೋಟರ್ ಐತಲ್ರಿ, ಅದಕ್ಕ ಪತ್ರದ ಒಂದ್ ಕಾಪಿ ಕೊಟ್ಟೀನಿ," ಅಂದ ಸಂಗಯ್ಯ. "ಒಳಗ ಸೊಸಿ ಅದಾಳ, ಕೂಸು ಐತಿ."

ನೀಲಗಂಗಾ ಚಪ್ಪಲಿ ಬಿಟ್ಟು ಹೊಳೆಗಿಳಿದಳು. ಕಾದ ಉಸುಕು ಅಂಗಾಲು ಸುಟ್ಟಿತು. ಓಡುತ್ತ ಎರಡು ಸಲ ಬಿದ್ದಳು. ಮೇಲುಹೊಳೆಯ ಕಡೆ ತಿರುಗಿ ನೋಡಬಾರದು ಎಂದುಕೊಂಡಳು, ಹೆಜ್ಜೆಗೊಮ್ಮೆ ನೋಡಿದಳು.

"ಕಾಕಾ, ನಡೀರಿ! ನೀರು ಬರ್ತೈತಿ!"

"ಯಾರಬೇ ನೀ? ಕಂಪನಿಯವ್ರು ನಿಶ್ಚಿಂತಿಯಿಂದ ಇರು ಅಂತ ಬರದುಕೊಟ್ಟಾರ. ಮೋಟರ್ ಅನುಕೂಲ ಆದಾಗ ಎತ್ತು ಅಂದಾರ. ಮೊಹರು ಐತಿ ನೋಡು."

"ಅದನ್ನ ಬರದಾಕಿ ನಾನ ಕಾಕಾ! ಸುಳ್ಳು ಬರದೀನಿ! ಹೆದರಿ ಬರದೀನಿ!" ಆಕೆ ಆ ಕಾಗದ ಕಸಿದು ಹರಿದೇಬಿಟ್ಟಳು. ಮುದುಕ ಬಾಯಿ ತೆರೆದು ನೋಡುತ್ತಿದ್ದಂತೆ ಒಳಗೆ ನುಗ್ಗಿ ತೂಗುಹಾಕಿದ ಜೋಳಿಗೆಯಿಂದ ಕೂಸನ್ನು ಎತ್ತಿಕೊಂಡಳು. ಕೂಸಿನ ಹಿಂದೆ ಸೊಸೆ ಓಡಿದಳು, ಸೊಸೆಯ ಹಿಂದೆ ಹುಲಗಪ್ಪ ಬೈಯುತ್ತ ಓಡಿದ.

ದಂಡೆ ಇನ್ನೂ ದೂರವಿದ್ದಾಗ ಸದ್ದು ಕೇಳಿತು. ದೂರದಲ್ಲಿ ಯಾರೋ ಜೋಳದ ಚೀಲ ಎಳೆದುಕೊಂಡು ಬಂದಂತೆ, ನಿಲ್ಲದೆ. ಹುಲಗಪ್ಪನ ಬೈಗುಳ ನಿಂತಿತು. ದಂಡೆಯ ಜನ ಕೈ ಚಾಚಿ ಅವರನ್ನು ಎಳೆದುಕೊಂಡಾಗ ನೀರು ಸೊಸೆಯ ಮೊಣಕಾಲಿಗೆ ಬಂದಿತ್ತು. ಆಮೇಲೆ ಎಲ್ಲರೂ ನಿಂತು ನೋಡಿದರು. ಗುಡಿಸಲು ಬಾಗಿತು, ಹೋಯಿತು. ಕಲ್ಲಂಗಡಿಗಳು ಒಂದರ ಹಿಂದೊಂದು ಸೇತುವೆಯ ಕೆಳಗೆ ತೇಲಿಹೋದವು. ನೀಲಗಂಗಾ ಕೂಸನ್ನು ಕೊಡಲೊಲ್ಲಳು, ಸೊಸೆ ಬೆರಳು ಬಿಡಿಸಿ ತೆಗೆದುಕೊಳ್ಳಬೇಕಾಯಿತು.

ಮರುದಿನ ವಾಘ್ ಸಾಹೇಬರು ಆಕೆಯನ್ನು ಕರೆದರು. ಮುಖ ಬಿಳಿಚಿಕೊಂಡಿತ್ತು, ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ. "ಇಂಗ್ಲಿಷಿನಲ್ಲಿ ಸರಿಯಾಗೇ ಇತ್ತಲ್ಲ ನೀಲಗಂಗಾ," ಎಂದು ಎರಡು ಸಲ ಹೇಳಿದರು.

"ಇತ್ರಿ ಸರ್. ಹೊಳ್ಯಾಗ ಇದ್ದವ್ರು ಇಂಗ್ಲಿಷ್ ಓದೂದಿಲ್ರಿ."

ಮಳೆಗಾಲದ ಮುಂಚೆ ಇನ್ನೊಂದು ಪರೀಕ್ಷೆ ಇತ್ತು. ಈ ಸಲ ನೀಲಗಂಗಾ ಇಂಗ್ಲಿಷನ್ನು ಓದಿ ಮಡಚಿ ಪಕ್ಕಕ್ಕಿಟ್ಟು, ಎರಡು ಕಾಗದ ಬರೆದಳು. ಪಂಚಾಯಿತಿಗೆ ವಿಷಯ, ಉಲ್ಲೇಖ, ಮಾನ್ಯರೇ ಎಲ್ಲ ಹಾಕಿ, "ಹಿಂದಿನ ದಿನ ಸಂಜೆ ಮತ್ತು ಅಂದು ಬೆಳಿಗ್ಗೆ ತಪ್ಪದೇ ಡಂಗುರ ಹೊಡೆಸಬೇಕೆಂದು ಕೋರಿದೆ." ಜನಕ್ಕೆ ಬೇರೆ: "ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೊಳೆಗೆ ನೀರು ಬಿಡಲಾಗುತ್ತದೆ. ಅಂದು ಯಾರೂ ಹೊಳೆಗೆ ಇಳಿಯಬಾರದು. ಪಂಪ್‌ಸೆಟ್ಟುಗಳನ್ನು ಗುರುವಾರ ಸಂಜೆಯೊಳಗೆ ದಂಡೆಗೆ ಸಾಗಿಸತಕ್ಕದ್ದು. ತಪ್ಪಿದರೆ ಪ್ರಾಣಕ್ಕೆ ಅಪಾಯವಿದೆ."

ಹೈದರಾಬಾದಿನಿಂದ ಕೆಂಪು ಗೆರೆ ಎಳೆಸಿಕೊಂಡು ಬಂತು: ಮೂಲದಲ್ಲಿ ಇಲ್ಲದ ಒರಟುತನ, ನಯದ ಮಾತುಗಳು ಬಿಟ್ಟುಹೋಗಿವೆ. ಸಾಹೇಬರು ಪೆನ್ಸಿಲ್ ಹಿಡಿದು ಬಹಳ ಹೊತ್ತು ಕೂತರು. ಎದುರಿಗೆ ನಿಂತ ನೀಲಗಂಗಾಳ ಎದೆ ಅಂದಿನಂತೆಯೇ ಹೊಡೆದುಕೊಳ್ಳುತ್ತಿತ್ತು, ಆದರೆ ಆಕೆ ತಲೆ ತಗ್ಗಿಸಲಿಲ್ಲ. ಕೊನೆಗೆ ಅವರು ಪೆನ್ಸಿಲ್ ಇಟ್ಟು ಪೆನ್ನು ತೆಗೆದುಕೊಂಡರು.

ಶುಕ್ರವಾರ ಆಕೆ ಬೇಗನೇ ಬಂದು ಸೇತುವೆಯ ಮೇಲೆ ನಿಂತಳು. ಹೊಳೆ ಖಾಲಿ. ದಂಡೆಯ ಮೇಲೆ ಹುಲಗಪ್ಪ ಹೊಸ ಮೋಟರಿನ ಪಕ್ಕ ಕೂತು ಬೀಡಿ ಸೇದುತ್ತಿದ್ದ. ಹೊಳೆಪಾಲಾದದ್ದರ ಬದಲು ಕಂಪನಿ ಕೊಡಿಸಿದ ಮೋಟರು.

"ಬಾ ತಂಗಿ," ಅಂದ. "ಈ ಸಲದ ಕಾಗದ ಓದಿಸಿ ಕೇಳಿ ನಮ್ಮ ಸೊಸಿ ಗಡಗಡ ನಡುಗಿದ್ಲು ನೋಡು. ಎಷ್ಟು ಹೆದರಸ್ತೀಬೇ ನೀ?"

ನೀಲಗಂಗಾ ಮೇಲುಹೊಳೆಯ ಕಡೆಯಿಂದ ಕಣ್ಣು ತೆಗೆಯಲಿಲ್ಲ.

"ಹೆದರಲಿ ಬಿಡ್ರಿ ಕಾಕಾ," ಅಂದಳು. "ನಾ ಒಬ್ಬಾಕಿನ ಹೆದರಿ ಹೆದರಿ ಸಾಕಾಗೇತಿ."